ಗಾಲಿಯ ಅಳತೆ ತಪ್ಪಿದರೆ ಗ್ಯಾರೇಜಿಗೆ ಬರೆಯಬೇಕಾದ ಪತ್ರ

ಹಳೆಯ ಟೈರು, ರಿಮ್ಮುಗಳನ್ನು ತೆಗೆಸಿ ಹೊಸದು ಹಾಕಿಸಿದ ಮೇಲೆ ಕಾರು ನೋಡಲು ಚೆನ್ನಾಗಿಯೇ ಇರುತ್ತದೆ. ನಾಲ್ಕು ದಿನ ಓಡಿಸಿದ ಮೇಲೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಹತ್ತಿರ ಉಜ್ಜುವ ಸದ್ದು ಕೇಳಿಸುತ್ತದೆ. ಮನೆಮಂದಿಯೆಲ್ಲ ಕುಳಿತು ಹೊರಟಾಗ ಹಂಪಿನ ಮೇಲೆ ಟೈರು ಒಳಗೆ ತಾಗುತ್ತದೆ. ಗ್ಯಾರೇಜಿಗೆ ಫೋನ್ ಮಾಡಿದರೆ ‘ಹೊಸ ಟೈರಲ್ವಾ ಸರ್, ಓಡ್ತಾ ಓಡ್ತಾ ಸರಿ ಹೋಗುತ್ತೆ’ ಎನ್ನುತ್ತಾರೆ. ಅಳತೆ ತಪ್ಪಿದ ಗಾಲಿ ಓಡುತ್ತಾ ಸರಿಹೋಗುವುದಿಲ್ಲ. ಅದನ್ನು ಗ್ಯಾರೇಜಿನವರ ಖರ್ಚಿನಲ್ಲೇ ಬದಲಿಸಿಕೊಳ್ಳಬೇಕಾದರೆ ಫೋನಿನ ಮಾತು ಸಾಲದು, ಪತ್ರ ಬೇಕು. ಪತ್ರದಲ್ಲಿ ಸಿಟ್ಟಿಗಿಂತ ಅಳತೆ ಮುಖ್ಯ.

ಒಂದು ಉದಾಹರಣೆ ಹಿಡಿದು ನೋಡೋಣ. ಕಾರಿನ ಕಂಪನಿ ಹೇಳಿದ ಟೈರಿನ ಅಳತೆ 185/65 ಆರ್ 15. ಮಾಲೀಕರು ಅದೇ ಅಳತೆಯ ನಾಲ್ಕು ಟೈರು ಮತ್ತು ಅಲಾಯ್ ವೀಲುಗಳಿಗೆ ಹೇಳಿದ್ದರು. ಗ್ಯಾರೇಜಿನಲ್ಲಿ ಕೂರಿಸಿದ್ದು 205/60 ಆರ್ 16.

ಈ ಅಂಕಿಗಳನ್ನು ಓದುವುದು ಕಷ್ಟವಲ್ಲ. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು ಪಾಲು ಎಂಬುದನ್ನು 65 ಹೇಳುತ್ತದೆ. 15 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಒಂದು ಬದಿಯ ಗೋಡೆ ಸುಮಾರು 120 ಮಿ.ಮೀ. ಬರುತ್ತದೆ. ಮೇಲಿನ ಗೋಡೆ, ಕೆಳಗಿನ ಗೋಡೆ, ನಡುವಿನ 15 ಇಂಚು, ಅಂದರೆ 381 ಮಿ.ಮೀ. ಕೂಡಿಸಿದರೆ ಗಾಲಿಯ ಪೂರ್ತಿ ಎತ್ತರ ಸುಮಾರು 621 ಮಿ.ಮೀ. ಹೊಸದಾಗಿ ಕೂರಿಸಿದ ಗಾಲಿಗೆ ಇದೇ ಲೆಕ್ಕ ಹಾಕಿದರೆ 652 ಮಿ.ಮೀ. ಆಗುತ್ತದೆ. ಗಾಲಿ 31 ಮಿ.ಮೀ. ದೊಡ್ಡದಾಗಿದೆ, ಅಂದರೆ ನೂರಕ್ಕೆ ಐದರಷ್ಟು.

ಐದು ಪರ್ಸೆಂಟು ಸಣ್ಣದೆಂದು ಕಾಣಬಹುದು, ಆದರೆ ಅದರ ಪರಿಣಾಮ ಎರಡು ಕಡೆ ಆಗುತ್ತದೆ. ಮೊದಲನೆಯದು ಜಾಗದ್ದು. ಟೈರಿನ ಮೇಲ್ಭಾಗಕ್ಕೂ ಮಡ್ಗಾರ್ಡಿನ ಒಳಗಿನ ಕಪ್ಪು ಪ್ಲಾಸ್ಟಿಕ್ಕಿಗೂ ನಡುವಿನ ಸಂದು ಸುಮಾರು ಒಂದೂವರೆ ಸೆಂಟಿಮೀಟರ್ ಕಡಿಮೆಯಾಗುತ್ತದೆ. ಟೈರು 20 ಮಿ.ಮೀ. ಅಗಲವೂ ಆಗಿರುವುದರಿಂದ ತಿರುವಿನಲ್ಲಿ ಅಂಚು ಉಜ್ಜುತ್ತದೆ. ಎರಡನೆಯದು ಸ್ಪೀಡೋಮೀಟರಿನದು. ಅದು ಗಾಲಿ ಎಷ್ಟು ಸುತ್ತು ಸುತ್ತಿತು ಎಂಬುದರ ಮೇಲೆ ವೇಗ ತೋರಿಸುತ್ತದೆ. ದೊಡ್ಡ ಗಾಲಿ ಒಂದೊಂದು ಸುತ್ತಿಗೂ ಸುಮಾರು 10 ಸೆಂ.ಮೀ. ಹೆಚ್ಚು ದೂರ ಹೋಗುತ್ತದೆ. ಹಳೆಯ ಗಾಲಿಯಲ್ಲಿ 80 ತೋರಿಸುತ್ತಿದ್ದಾಗ ಇದ್ದ ವೇಗಕ್ಕಿಂತ ಈಗ ಅದೇ 80ರಲ್ಲಿ ಕಾರು ಗಂಟೆಗೆ 4 ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಆದರೆ ಮೊಬೈಲಿನ ಜಿಪಿಎಸ್ ವೇಗವೊಂದನ್ನೇ ಸಾಕ್ಷಿಯಾಗಿ ಹಿಡಿಯಬೇಡಿ. ಕಂಪನಿಯಿಂದ ಬರುವ ಸ್ಪೀಡೋಮೀಟರುಗಳು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುವುದರಿಂದ ತಪ್ಪು ಅದರಲ್ಲಿ ಮುಚ್ಚಿಹೋಗಬಹುದು.

ಗಟ್ಟಿ ಸಾಕ್ಷಿ ಕಾರಿನಲ್ಲೇ ಇದೆ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಅಳತೆ ಮತ್ತು ಗಾಳಿಯ ಒತ್ತಡದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರ ಫೋಟೊ ತೆಗೆಯಿರಿ. ನಾಲ್ಕೂ ಟೈರುಗಳ ಪಕ್ಕದಲ್ಲಿರುವ ಅಂಕಿ, ಉಜ್ಜಿದ ಗುರುತು, ಓಡೋಮೀಟರ್ ಇವುಗಳ ಫೋಟೊವೂ ಬೇಕು. ಬಿಲ್, ಜಾಬ್ ಕಾರ್ಡ್, ಅಳತೆ ಹೇಳಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಜೋಪಾನವಾಗಿರಲಿ. ಬೇರೆ ಗ್ಯಾರೇಜಿಗೆ ಹೋಗಿ ಗಾಲಿ ಬಿಚ್ಚಿಸುವ ಮೊದಲು ಕೂರಿಸಿದವರಿಗೇ ನೋಡಿ ಸರಿಪಡಿಸುವ ಅವಕಾಶ ಕೊಡಿ. ಇಲ್ಲದಿದ್ದರೆ ‘ನಾವು ಹಾಕಿದ್ದು ಅದಲ್ಲ’ ಎನ್ನಲು ದಾರಿಯಾಗುತ್ತದೆ. ಅದೇ ಗಾಲಿಯಲ್ಲಿ ಸಾವಿರಾರು ಕಿಲೋಮೀಟರ್ ಓಡಿಸಿದರೆ ಟೈರು ಸವೆದಿದೆ, ವಾಪಸ್ ತಗೊಳ್ಳುವುದಿಲ್ಲ ಎಂಬ ಮಾತು ಬರುತ್ತದೆ. ಉಜ್ಜಿದ ಟೈರು ಸೀಳುವ ಅಪಾಯವೂ ಇದೆ. ಆದ್ದರಿಂದ ಗೊತ್ತಾದ ದಿನವೇ ಬರೆಯಿರಿ. ಪತ್ರ ಹೀಗಿರಲಿ:

*ವ್ಯವಸ್ಥಾಪಕರಿಗೆ,*

*ವಿಷಯ: ನನ್ನ ಕಾರಿಗೆ ತಪ್ಪು ಅಳತೆಯ ಗಾಲಿಗಳನ್ನು ಕೂರಿಸಿರುವ ಬಗ್ಗೆ.*

*ಮಾನ್ಯರೇ,*

*ಇದೇ ತಿಂಗಳ 3ನೇ ತಾರೀಕು ನಿಮ್ಮಲ್ಲಿ ನನ್ನ ಕಾರಿಗೆ ನಾಲ್ಕು ಅಲಾಯ್ ವೀಲು ಮತ್ತು ಟೈರುಗಳನ್ನು ಹಾಕಿಸಿ ₹44,000 ಪಾವತಿಸಿದ್ದೇನೆ. ಕಾರಿನ ನಂಬರ್ ಮತ್ತು ಬಿಲ್ ನಂಬರ್ ಕೆಳಗಿವೆ. ನಾನು ಕೇಳಿದ್ದ ಅಳತೆ 185/65 ಆರ್ 15. ಜಾಬ್ ಕಾರ್ಡಿನಲ್ಲಿಯೂ ಅದನ್ನೇ ಬರೆಯಲಾಗಿದೆ. ಕೂರಿಸಿರುವುದು 205/60 ಆರ್ 16. ಇದರಿಂದ ಗಾಲಿಯ ವ್ಯಾಸ ಸುಮಾರು 31 ಮಿ.ಮೀ. ಹೆಚ್ಚಾಗಿದ್ದು, ತಿರುವಿನಲ್ಲಿ ಮುಂದಿನ ಎರಡೂ ಟೈರುಗಳು ಒಳಗೆ ಉಜ್ಜುತ್ತಿವೆ. ತಪ್ಪು ತಿಳಿದ ಮೇಲೆ ಕಾರನ್ನು ಓಡಿಸಿಲ್ಲ.*

*ದಯವಿಟ್ಟು ಈ ಪತ್ರ ತಲುಪಿದ 7 ದಿನಗಳೊಳಗೆ ಸರಿಯಾದ ಅಳತೆಯ ಗಾಲಿ, ಟೈರುಗಳನ್ನು ಕೂರಿಸಿಕೊಡಿ. ಕಾರು ಸಾಗಿಸುವ ಖರ್ಚು, ಕೂಲಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲವನ್ನೂ ನೀವೇ ಭರಿಸಬೇಕು. ಟೈರು ಉಜ್ಜಿ ಹಾಳಾದ ಒಳಗಿನ ಪ್ಲಾಸ್ಟಿಕ್ಕನ್ನೂ ಬದಲಿಸಿಕೊಡಬೇಕು. ಸರಿಯಾದ ಅಳತೆ ನಿಮ್ಮಲ್ಲಿ ಇಲ್ಲವಾದರೆ ಈ ಗಾಲಿಗಳನ್ನು ತೆಗೆದುಕೊಂಡು ನನ್ನ ಹಳೆಯ ಗಾಲಿಗಳನ್ನು ಕೂರಿಸಿ ಪೂರ್ತಿ ಹಣ ಹಿಂದಿರುಗಿಸಿ. ಪರೀಕ್ಷಿಸಲು ಬರುವ ದಿನ ತಿಳಿಸಿದರೆ ಕಾರನ್ನು ತೋರಿಸುತ್ತೇನೆ. ಬಿಲ್, ಜಾಬ್ ಕಾರ್ಡ್ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ. ಅವಧಿಯೊಳಗೆ ಪರಿಹಾರ ಸಿಗದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.*

*ಇಂತಿ ತಮ್ಮ ವಿಶ್ವಾಸಿ.*

ಈ ಪತ್ರದಲ್ಲಿ ‘ಮೋಸ’ ಎಂಬ ಪದವಿಲ್ಲ. ಮೋಸವೆಂದರೆ ಅದನ್ನು ಸಾಬೀತು ಮಾಡುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಕೇಳಿದ್ದು ಒಂದು, ಕೂರಿಸಿದ್ದು ಇನ್ನೊಂದು ಎಂಬುದನ್ನು ಕಾಗದವೇ ಹೇಳುತ್ತದೆ. ಬೇಡಿಕೆಯಲ್ಲಿ ಕೂಲಿಯಿಂದ ಹಿಡಿದು ಅಲೈನ್‌ಮೆಂಟಿನವರೆಗೆ ಒಂದೊಂದನ್ನೂ ಹೆಸರಿಸಿದ್ದಕ್ಕೂ ಕಾರಣವಿದೆ. ‘ಗಾಲಿ ಬದಲಿಸಿಕೊಡುತ್ತೇವೆ, ಕೂಲಿ ಮಾತ್ರ ಕೊಡಿ’ ಎನ್ನುವುದು ಇಂಥ ಕಡೆ ಮೊದಲು ಬರುವ ಉತ್ತರ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಇಮೇಲ್ ಇದ್ದರೆ ಅದಕ್ಕೂ ಕಳಿಸಿ.

ಎಲ್ಲ ಪ್ರಕರಣಗಳೂ ಇಷ್ಟು ಸಲೀಸಲ್ಲ. ದೊಡ್ಡ ಗಾಲಿ ಚೆಂದವೆಂದು ಮಾಲೀಕರೇ ಕೇಳಿ ಹಾಕಿಸಿಕೊಂಡಿದ್ದರೆ ವಾದ ದುರ್ಬಲ. ಗ್ಯಾರೇಜಿನವರು 195/55 ಆರ್ 16 ಕೂರಿಸಿದ್ದರೆ ಅದರ ಎತ್ತರವೂ ಸುಮಾರು 621 ಮಿ.ಮೀ. ಆಗುತ್ತದೆ. ಆಗ ಸ್ಪೀಡೋಮೀಟರಿನ ತಕರಾರು ನಿಲ್ಲುವುದಿಲ್ಲ, ಕೇಳಿದ್ದನ್ನು ಕೊಟ್ಟಿಲ್ಲ ಎಂಬ ತಕರಾರು ಮಾತ್ರ ಉಳಿಯುತ್ತದೆ. ಬಿಲ್ಲಿನಲ್ಲಿ ‘ಟೈರು 4’ ಎಂದಷ್ಟೇ ಬರೆದು ಅಳತೆ ಬಿಟ್ಟಿದ್ದರೆ, ಏನು ಕೇಳಿದ್ದೆವೆಂದು ತೋರಿಸುವುದೇ ಕಷ್ಟವಾಗುತ್ತದೆ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿನ ಶುಲ್ಕವಿಲ್ಲ. ವಸ್ತು ಬದಲಿಸಿಕೊಡುವಂತೆಯೂ ಹಣ ಹಿಂದಿರುಗಿಸುವಂತೆಯೂ ಆದೇಶಿಸುವ ಅಧಿಕಾರ ಆಯೋಗಕ್ಕಿದೆ.

ಮುಂದಿನ ಸಲ ಗಾಲಿ ಹಾಕಿಸುವಾಗ ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲೇ ಬಾಗಿಲ ಸ್ಟಿಕ್ಕರಿನ ಅಳತೆಯನ್ನು ಟೈರಿನ ಅಳತೆಯೊಂದಿಗೆ ಹೋಲಿಸಿ ನೋಡಿ. ಪೂರ್ತಿ ಅಳತೆ ಬರೆಯದ ಬಿಲ್ಲಿಗೆ ಹಣ ಕೊಡಬೇಡಿ.