ತರಗತಿ ಒಂದೇ, ಅರ್ಹತೆ ಬೇರೆ

ಪ್ರಶ್ನೆ: ಶಾಲಾ ಫುಟ್‌ಬಾಲ್ ತಂಡದ ಆಯ್ಕೆಯ ನೋಟಿಸಿನಲ್ಲಿ ತರಗತಿಯ ಬದಲು ಹುಟ್ಟಿದ ದಿನಾಂಕವನ್ನೇ ಕೇಳುವುದೇಕೆ?

ಉತ್ತರ: ಶಾಲೆಗಳ ನಡುವಿನ ಪಂದ್ಯಾವಳಿಗಳು ವಯೋಮಿತಿಯ ಮೇಲೆ ನಡೆಯುತ್ತವೆ. ‘14 ವರ್ಷದೊಳಗಿನವರು, 31 ಡಿಸೆಂಬರ್ 2025ಕ್ಕೆ’ ಎಂದಿದ್ದರೆ, ಆ ದಿನ 14 ತುಂಬಿರಬಾರದು. 1 ಜನವರಿ 2012ರಂದು ಹುಟ್ಟಿದವನು ಆಡಬಹುದು. ಅದಕ್ಕೆ ಒಂದೇ ದಿನ ಮೊದಲು ಹುಟ್ಟಿದ ಸಹಪಾಠಿ ಆಡುವಂತಿಲ್ಲ. ಆಯ್ಕೆ ಜುಲೈನಲ್ಲೇ ನಡೆದರೂ ಲೆಕ್ಕ ಡಿಸೆಂಬರಿನದೇ. ಮಗುವಿಗೆ ಈಗಿನ್ನೂ ಹದಿಮೂರು ಎಂದುಕೊಂಡು ಪೋಷಕರು ಎಡವುವುದು ಇಲ್ಲಿಯೇ. ಜನನ ಪ್ರಮಾಣಪತ್ರ ತರಲು ಹೇಳುವುದೂ ಇದಕ್ಕಾಗಿ. ಶಾಲಾ ದಾಖಲೆಯಲ್ಲಿ ಬೇರೆ ದಿನಾಂಕವಿದ್ದರೆ ತಕರಾರು ಏಳುತ್ತದೆ, ಎರಡನ್ನೂ ಮೊದಲೇ ಹೋಲಿಸಿ ನೋಡಿ.

ದಾಖಲೆಗಳ ಜೊತೆಗೆ, ಆಯ್ಕೆಗೆ ಬರುವಾಗ ಬೂಟು ಮತ್ತು ಶಿನ್ ಗಾರ್ಡ್ ತರಲು ಮರೆಯಬೇಡಿ. ಆಟದ 4ನೇ ನಿಯಮದಂತೆ ಶಿನ್ ಗಾರ್ಡ್ ಕಡ್ಡಾಯ, ಉದ್ದ ಕಾಲುಚೀಲ ಅದನ್ನು ಪೂರ್ತಿ ಮುಚ್ಚಿರಬೇಕು.