ತನ್ನ ಅಂಕವಲ್ಲ, ಪಕ್ಕದ ಸೀಟಿನವರ ಅಂಕ

ಕಾಲ್ ಸೆಂಟರಿನಲ್ಲಿ ಟೀಮ್ ಲೀಡ್ ಹುದ್ದೆ ಖಾಲಿಯಾದರೆ ಮೊದಲು ಒಳಗಿನವರಿಗೇ ಮೇಲ್ ಬರುತ್ತದೆ. ಫ್ಲೋರ್‌ನಲ್ಲಿ ಅದನ್ನು ಐಜೆಪಿ ಅನ್ನುತ್ತಾರೆ. ಇಂತಿಷ್ಟು ತಿಂಗಳ ಅನುಭವ ಇರಬೇಕು, ವಾರ್ನಿಂಗ್ ಲೆಟರ್ ಇರಬಾರದು, ಕ್ವಾಲಿಟಿ ಸ್ಕೋರ್ ಟಾರ್ಗೆಟ್‌ಗಿಂತ ಮೇಲಿರಬೇಕು ಎಂಬ ಷರತ್ತುಗಳು ಅದರಲ್ಲಿರುತ್ತವೆ. ಇಷ್ಟನ್ನು ದಾಟಿದವರು ಒಂದೇ ಫ್ಲೋರ್‌ನಲ್ಲಿ ಹತ್ತಾರು ಜನ ಸಿಗುತ್ತಾರೆ, ಕುರ್ಚಿ ಇರುವುದು ಒಂದೇ. ಉಳಿದವರು ನೌಕ್ರಿಯಲ್ಲೋ ಲಿಂಕ್ಡ್‌ಇನ್‌ನಲ್ಲೋ ಪ್ರೊಫೈಲ್ ತಿದ್ದಿ ಬೇರೆ ಕಂಪನಿಯತ್ತ ನೋಡುತ್ತಾರೆ. ಅಲ್ಲಿ ಹೆಚ್ಚಿನವರು ಬರೆಯುವುದು ಒಂದೇ ಸಾಲು: ‘ಕ್ವಾಲಿಟಿ ಸ್ಕೋರ್ 98%, ಬೆಸ್ಟ್ ಪರ್ಫಾರ್ಮರ್.’

ಈ ಸಾಲಿನಿಂದ ಒಳ್ಳೆಯ ಏಜೆಂಟ್ ಕೆಲಸ ಸಿಗಬಹುದು, ಲೀಡ್ ಕೆಲಸ ಸಿಗುವುದು ಕಷ್ಟ. ಲೀಡ್ ಆದವರ ಕೈಗೆ ಹದಿನೈದು ಇಪ್ಪತ್ತು ಜನರ ತಂಡ ಬರುತ್ತದೆ. ಆಮೇಲೆ ಅವರು ಕಾಲ್ ತೆಗೆದುಕೊಳ್ಳುವುದೇ ಅಪರೂಪ, ಬೇರೆಯವರ ಕಾಲ್ ಸರಿಹೋಗುವಂತೆ ನೋಡಿಕೊಳ್ಳುವುದೇ ಕೆಲಸ. ಹಾಗಾಗಿ ಸಂದರ್ಶನಕ್ಕೆ ಕೂತ ಆಪರೇಷನ್ಸ್ ಮ್ಯಾನೇಜರ್ ಪ್ರೊಫೈಲ್‌ನಲ್ಲಿ ಹುಡುಕುವುದು ಇನ್ನೊಂದನ್ನು: ಈ ಹುಡುಗಿಯ ದೆಸೆಯಿಂದ ಪಕ್ಕದ ಸೀಟಿನವರಲ್ಲಿ ಏನಾದರೂ ಬದಲಾಯಿತೇ?

ಉದಾಹರಣೆಗೆ ಒಬ್ಬಾಕೆಯನ್ನು ಕಲ್ಪಿಸಿಕೊಳ್ಳೋಣ. ಊರು ಹಾಸನದ ಕಡೆ. ಬೆಂಗಳೂರಿನ ಒಂದು ಕೇಂದ್ರದಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರ ದೂರು ಕೇಳುವ ಕನ್ನಡ–ಹಿಂದಿ ಪ್ರೋಸೆಸ್‌ನಲ್ಲಿ ಎರಡು ವರ್ಷವಾಗಿದೆ. ಹೊಸ ಬ್ಯಾಚ್ ಬಂದಾಗ ಕಲಿಸಲು ಟಿಎಲ್ ಆಕೆಯನ್ನೇ ಕರೆಯುತ್ತಾರೆ. ಆಕೆಯ ಪ್ರೊಫೈಲ್‌ನಲ್ಲಿ ಏನಿರಬೇಕು?

ಮೊದಲು ಆಕೆಯ ಸ್ವಂತ ಕ್ವಾಲಿಟಿ ಸ್ಕೋರ್. ದಿನಕ್ಕೆ ಅರವತ್ತು ಕಾಲ್, ತಿಂಗಳಿಗೆ ಇಪ್ಪತ್ತನಾಲ್ಕು ದಿನ ಎಂದರೆ 1440 ಕಾಲ್. ಕ್ಯೂಎ ತಂಡ ಕೇಳಿ ಅಂಕ ಕೊಡುವುದು ಅದರಲ್ಲಿ ಆರು ಎಂದಿಟ್ಟುಕೊಳ್ಳಿ. ನಮಸ್ಕಾರದಿಂದ ಹಿಡಿದು ಗ್ರಾಹಕರ ಗುರುತು ಪರಿಶೀಲಿಸುವುದು, ಸಮಸ್ಯೆ ಕೆದಕಿ ಕೇಳುವುದು, ಸರಿಯಾದ ಪರಿಹಾರ, ಕಾಲ್ ಮುಗಿಸುವ ರೀತಿಯವರೆಗೆ ಪ್ರತಿಯೊಂದಕ್ಕೂ ಅಂಕವಿದೆ. ಇವುಗಳ ನಡುವೆ ಫೇಟಲ್ ಎಂಬ ತಪ್ಪುಗಳಿವೆ. ಗುರುತು ಪರಿಶೀಲಿಸದೆ ಖಾತೆಯ ವಿವರ ಹೇಳಿಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಆ ಕಾಲ್‌ಗೆ ಸೊನ್ನೆ. ಐದು ಕಾಲ್‌ಗಳಲ್ಲಿ 95 ಪಡೆದು ಆರನೆಯದರಲ್ಲಿ ಫೇಟಲ್ ಆದರೆ ತಿಂಗಳ ಸರಾಸರಿ 79ಕ್ಕೆ ಬೀಳುತ್ತದೆ. ಆರೇ ಕಾಲ್‌ಗಳ ಮೇಲೆ ನಿಂತ ಅಂಕ ಅಷ್ಟು ಸುಲಭವಾಗಿ ಏರಿಳಿಯುತ್ತದೆ ಎಂಬುದು ಕೇಳುವ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಒಂದು ತಿಂಗಳ 98ಕ್ಕಿಂತ ಆರು ತಿಂಗಳ 93ಕ್ಕೆ ತೂಕ ಹೆಚ್ಚು. ಆಕೆ ಹೀಗೆ ಬರೆಯಬಹುದು: ‘ಆರು ತಿಂಗಳಲ್ಲಿ ಆಡಿಟ್ ಆದ 36 ಕಾಲ್‌ಗಳ ಸರಾಸರಿ 93, ಟಾರ್ಗೆಟ್ 85, ಫೇಟಲ್ ಇಲ್ಲ.’ ಎಷ್ಟು ಕಾಲ, ಎಷ್ಟು ಕಾಲ್, ಟಾರ್ಗೆಟ್ ಎಷ್ಟು ಎಂಬ ಮೂರೂ ಇದ್ದರೆ ಮಾತ್ರ ಆ 93ಕ್ಕೆ ಅರ್ಥ ಬರುತ್ತದೆ. ಟಾರ್ಗೆಟ್ ಹೇಳದಿದ್ದರೆ, 95 ಟಾರ್ಗೆಟ್ ಇರುವ ಪ್ರೋಸೆಸ್‌ನಿಂದ ಬಂದ ಮ್ಯಾನೇಜರ್ ಇದನ್ನು ಕಡಿಮೆ ಎಂದೇ ಓದಿಕೊಳ್ಳುತ್ತಾರೆ. ಇಲ್ಲಿಗೆ ಸ್ವಂತ ಅಂಕದ ಮಾತು ಸಾಕು. ಪ್ರೊಫೈಲ್‌ನಲ್ಲಿ ಅದು ಒಂದು ಸಾಲಿಗಿಂತ ಹೆಚ್ಚು ಜಾಗ ಬೇಡುವುದಿಲ್ಲ.

ಜಾಗ ಬೇಕಿರುವುದು ಕೋಚಿಂಗ್‌ಗೆ. ತರಬೇತಿ ಮುಗಿಸಿದ ಹೊಸಬರು ನಿಜವಾದ ಕಾಲ್ ತೆಗೆದುಕೊಳ್ಳಲು ಶುರುಮಾಡುವ ಮೊದಲ ಕೆಲವು ವಾರಗಳಿಗೆ ನೆಸ್ಟಿಂಗ್ ಎಂಬ ಹೆಸರಿದೆ. ಆಗ ಆಕೆಗೆ ಮೂವರು ಹೊಸಬರನ್ನು ಒಪ್ಪಿಸಿದರು ಎಂದುಕೊಳ್ಳಿ. ಮೂವರ ಸರಾಸರಿ 74. ಎಂಟು ವಾರಗಳ ನಂತರ 85. ‘ನನ್ನ ಕೋಚಿಂಗ್‌ನಿಂದ ಕ್ವಾಲಿಟಿ 11 ಅಂಕ ಏರಿತು’ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಅದೇ ಬ್ಯಾಚಿನ ಉಳಿದವರನ್ನೂ ನೋಡಬೇಕು. ಅವರು 73ರಿಂದ 83ಕ್ಕೆ ಏರಿದ್ದಾರೆ, ಅದೂ ಆಕೆ ಪಕ್ಕದಲ್ಲಿ ಕೂರದೆಯೇ. ಎಂಟು ವಾರ ಕಾಲ್ ತೆಗೆದುಕೊಂಡ ಯಾರಾದರೂ ಕಲಿತೇ ಕಲಿಯುತ್ತಾರೆ. ಹಾಗಾದರೆ 11 ಅಂಕದಲ್ಲಿ ಆಕೆಯದೆಂದು ಹೇಳಬಹುದಾದದ್ದು ಒಂದು, ಅದೂ ಮೂರು ಜನರ ಲೆಕ್ಕದಲ್ಲಿ. ಅದನ್ನು ಸಾಧನೆ ಎನ್ನಲಾಗದು.

ಹಾಗೆಂದು ಆಕೆ ಏನೂ ಮಾಡಲಿಲ್ಲವೆಂದಲ್ಲ. ಮೂವರ ರೆಕಾರ್ಡಿಂಗ್ ಕೇಳಿದಾಗ ಒಂದೇ ತಪ್ಪು ಮತ್ತೆ ಮತ್ತೆ ಸಿಕ್ಕಿತ್ತು. ಗ್ರಾಹಕರು ‘ನೆಟ್ ಬರ್ತಿಲ್ಲ’ ಅಂದ ತಕ್ಷಣ ಹೊಸಬರು ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂದು ಶುರುಮಾಡುತ್ತಿದ್ದರು. ಒಂದೇ ಫೋನಿನಲ್ಲಿ ಬರುತ್ತಿಲ್ಲವೋ ಮನೆಯ ಎಲ್ಲ ಫೋನುಗಳಲ್ಲೂ ಇಲ್ಲವೋ, ಪೆಟ್ಟಿಗೆಯ ಮೇಲೆ LOS ಎಂದು ಬರೆದಿರುವ ಕಡೆ ಕೆಂಪು ದೀಪ ಉರಿಯುತ್ತಿದೆಯೋ ಎಂದು ಕೇಳುತ್ತಿರಲಿಲ್ಲ. ಆ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಸಿಗ್ನಲ್ಲೇ ಬರುತ್ತಿಲ್ಲ ಎಂದರ್ಥ. ಕೇಬಲ್ ಕಡಿದಿರಬಹುದು, ಕನೆಕ್ಟರ್ ಸಡಿಲಾಗಿರಬಹುದು. ಅಂಥ ಹೊತ್ತಿನಲ್ಲಿ ರೂಟರನ್ನು ಹತ್ತು ಸಲ ಆಫ್ ಮಾಡಿಸಿದರೂ ಉಪಯೋಗವಿಲ್ಲ, ಮನೆಗೆ ಟೆಕ್ನಿಷಿಯನ್ ಹೋಗಲೇಬೇಕು. ಕಾಲ್ ಉದ್ದವಾಗುತ್ತದೆ, ಗ್ರಾಹಕರು ರೇಗುತ್ತಾರೆ, ಮರುದಿನ ಅದೇ ದೂರಿಗೆ ಮತ್ತೆ ಫೋನ್ ಮಾಡುತ್ತಾರೆ.

ಆಕೆ ವಾರಕ್ಕೆ ಎರಡು ಸಲ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತಳು. ಅವರದೇ ಒಂದು ಕಾಲ್ ಹಾಕಿ, ನಡುವೆ ನಿಲ್ಲಿಸಿ, ‘ಇಲ್ಲಿ ನೀವು ಏನು ಕೇಳಬಹುದಿತ್ತು?’ ಎಂದಳು. ತಾನೇ ಉತ್ತರ ಹೇಳಲಿಲ್ಲ. ಒಂದು ಸಲಕ್ಕೆ ಒಂದೇ ವಿಷಯ, ಮುಂದಿನ ಸಲ ಕೂರುವ ಹೊತ್ತಿಗೆ ಅದು ಬದಲಾಗಿದೆಯೋ ಇಲ್ಲವೋ ಎಂದು ಇನ್ನೆರಡು ಕಾಲ್ ಕೇಳಿ ನೋಡುವುದು. ಒಟ್ಟು ಸ್ಕೋರಿನಲ್ಲಿ ಇದು ಮುಚ್ಚಿಹೋಗುತ್ತದೆ. ಆಡಿಟ್ ಫಾರಂನಲ್ಲಿ ಸಮಸ್ಯೆ ಕೆದಕಿ ಕೇಳುವುದಕ್ಕೆ ಪ್ರೋಬಿಂಗ್ ಎಂಬ ಬೇರೆಯದೇ ಸಾಲಿದೆ, ಬದಲಾವಣೆ ಕಾಣುವುದು ಅಲ್ಲಿ. ಆಕೆಯ ಮೂವರು 54ರಿಂದ 82ಕ್ಕೆ ಬಂದರು. ಉಳಿದವರು ಅದೇ ಅವಧಿಯಲ್ಲಿ 56ರಿಂದ 66ಕ್ಕೆ. ಕಲಿಸಿದ್ದು ಎಲ್ಲಿ ಕಾಣಬೇಕೋ ಅಲ್ಲೇ ಕಂಡಿದೆ.

ಪ್ರೊಫೈಲ್‌ಗೆ ಹೋಗಬೇಕಾದ ಸಾಲು ಇದು: ‘ನೆಸ್ಟಿಂಗ್‌ನಲ್ಲಿದ್ದ ಮೂವರಿಗೆ ಎಂಟು ವಾರ ಕೋಚಿಂಗ್. ಪ್ರೋಬಿಂಗ್ ಅಂಕ 54ರಿಂದ 82ಕ್ಕೆ. ಅದೇ ಬ್ಯಾಚಿನ ಉಳಿದವರದು 56ರಿಂದ 66ಕ್ಕೆ.’ ಹೋಲಿಕೆಯನ್ನು ತಾನಾಗಿಯೇ ಕೊಡುವವರು ಕಡಿಮೆ. ಕೊಟ್ಟವರ ಮೇಲೆ ನನಗಂತೂ ತಕ್ಷಣ ನಂಬಿಕೆ ಬರುತ್ತದೆ. ಟಿಎಲ್ ಆದ ಮೇಲೆ ಪ್ರತಿ ವಾರ ಮಾಡಬೇಕಾದ ಕೆಲಸವೇ ಅದು: ಏರಿದ್ದು ತಂಡದ ಶ್ರಮದಿಂದಲೋ, ಸುಮ್ಮನೆ ದಿನ ಕಳೆದದ್ದರಿಂದಲೋ ಎಂದು ಬೇರ್ಪಡಿಸಿ ನೋಡುವುದು.

ಇನ್ನು ಅಟ್ರಿಷನ್. ಜನ ಕೆಲಸ ಬಿಟ್ಟುಹೋಗುವ ಪ್ರಮಾಣ. ಪ್ರೊಫೈಲ್‌ಗಳಲ್ಲಿ ಅತಿ ಹೆಚ್ಚು ಉಬ್ಬಿಸಿ ಬರೆಯುವುದು ಇದನ್ನೇ, ಹಿಡಿದು ಕೇಳಿದರೆ ಅತಿ ಬೇಗ ಕುಸಿಯುವುದೂ ಇದೇ. ಲೆಕ್ಕ ಸರಳ: ಆ ತಿಂಗಳು ಬಿಟ್ಟುಹೋದವರನ್ನು ತಿಂಗಳ ಸರಾಸರಿ ಸಿಬ್ಬಂದಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ತಿಂಗಳ ಆರಂಭಕ್ಕೆ 20 ಜನ, ಮೂವರು ಬಿಟ್ಟರು, ಒಬ್ಬರು ಬಂದರು, ಕೊನೆಗೆ 18. ಸರಾಸರಿ 19, ಅಟ್ರಿಷನ್ ಸುಮಾರು 16%. ಮುಂದಿನ ತಿಂಗಳು ಒಬ್ಬರೇ ಬಿಟ್ಟರೆ ಅದು 6%ರ ಆಸುಪಾಸಿಗೆ ಇಳಿಯುತ್ತದೆ. ‘ಅಟ್ರಿಷನ್ 16ರಿಂದ 6ಕ್ಕೆ ಇಳಿಸಿದೆ’ ಎಂಬ ವಾಕ್ಯದ ಹಿಂದೆ ಇರುವ ವ್ಯತ್ಯಾಸ ಇಬ್ಬರು ಮನುಷ್ಯರದು. ಆ ಇಬ್ಬರು ಉಳಿದದ್ದು ಸಂಬಳ ಏರಿದ್ದಕ್ಕೋ, ರಾತ್ರಿ ಶಿಫ್ಟ್ ತಪ್ಪಿದ್ದಕ್ಕೋ, ಆ ತಿಂಗಳು ಪಕ್ಕದ ಕಂಪನಿಯಲ್ಲಿ ನೇಮಕಾತಿ ಇರದಿದ್ದಕ್ಕೋ ಯಾರಿಗೆ ಗೊತ್ತು? ಸಾಲದ್ದಕ್ಕೆ ಆಕೆ ಇನ್ನೂ ಏಜೆಂಟ್. ಸಂಬಳ, ಶಿಫ್ಟ್, ರಜೆ ಯಾವುದೂ ಆಕೆಯ ಕೈಯಲ್ಲಿಲ್ಲ. ಇಡೀ ತಂಡದ ಅಟ್ರಿಷನ್ ಇಳಿಸಿದೆ ಎಂದರೆ ನಂಬುವವರಾರು?

ಆದರೆ ಏಜೆಂಟ್ ಮಟ್ಟದಲ್ಲೂ ಕೈಗೆಟಕುವ ಒಂದು ತುಂಡು ಇದೆ. ಅದು ಮೊದಲ 90 ದಿನ. ಹಿಂದಿನ ಬ್ಯಾಚಿನ 15 ಜನರಲ್ಲಿ ಆರು ಮಂದಿ ಈ ಅವಧಿಯಲ್ಲೇ ಬಿಟ್ಟಿದ್ದರು. ಯಾವಾಗ ಎಂದು ನೋಡಿದರೆ ನಾಲ್ವರು ಐದು, ಆರನೆಯ ವಾರದಲ್ಲಿ. ನೆಸ್ಟಿಂಗ್ ಮುಗಿದು ಒಬ್ಬಂಟಿಯಾಗಿ ಕಾಲ್ ತೆಗೆದುಕೊಳ್ಳುವ ಮೊದಲ ವಾರಗಳು ಅವು. ಮೊದಲ ಫೇಟಲ್, ಮೊದಲ ಬೈಗುಳ ಬರುವುದು ಆಗಲೇ. ಅದರ ಜೊತೆ ಇನ್ನೊಂದು ಕಾರಣವೂ ಇತ್ತು, ಹೊರಗಿನವರಿಗೆ ಕ್ಷುಲ್ಲಕ ಎನಿಸುವಂಥದ್ದು: ಮುಂದಿನ ವಾರದ ರೋಸ್ಟರ್ ಶನಿವಾರ ಸಂಜೆ ಬರುತ್ತಿತ್ತು. ವೀಕ್‌ಆಫ್ ಯಾವಾಗ ಎಂದು ಅಲ್ಲಿಯವರೆಗೆ ಗೊತ್ತಾಗುತ್ತಿರಲಿಲ್ಲ. ಹಾಸನಕ್ಕೋ ಚಿತ್ರದುರ್ಗಕ್ಕೋ ಹೋಗಬೇಕಾದವರು ಬಸ್ ಬುಕ್ ಮಾಡಲಾಗದೆ, ಒಂದು ಸೋಮವಾರ ಊರಿಗೆ ಹೋದವರು ಹಿಂದಿರುಗುತ್ತಲೇ ಇರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ, ಕೊನೆಗೆ ಹಾಜರಿಯಲ್ಲಿ ಅಬ್‌ಸ್ಕಾಂಡ್ ಎಂದು ಬೀಳುತ್ತಿತ್ತು.

ಹೊಸ ಬ್ಯಾಚ್ ಬಂದಾಗ ಆಕೆಗೆ ಮೊದಲಿನ ಮೂವರಲ್ಲದೆ ಇನ್ನಿಬ್ಬರ ಜವಾಬ್ದಾರಿಯೂ ಬಂತು. ಐವರ ಜೊತೆಗೂ ಐದನೆಯ ವಾರ ಪ್ರತಿದಿನ ಶಿಫ್ಟ್ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿದಳು. ರೋಸ್ಟರ್ ಗುರುವಾರವೇ ಕೊಡಲು ಸಾಧ್ಯವೇ ಎಂದು ಟಿಎಲ್‌ರನ್ನು ಕೇಳಿದಳು. ಅವರು ಮ್ಯಾನೇಜರ್ ಹತ್ತಿರ ಮಾತಾಡಿ ಒಪ್ಪಿಸಿದರು. ಆ ಬ್ಯಾಚಿನ 15 ಜನರಲ್ಲಿ 90 ದಿನದೊಳಗೆ ಬಿಟ್ಟವರು ಮೂವರು. ಆಕೆಯ ಐವರಲ್ಲಿ ಒಬ್ಬರು.

‘ಅಟ್ರಿಷನ್ 50% ಇಳಿಸಿದೆ’ ಎಂದು ಬರೆದರೆ ಲೆಕ್ಕ ತಪ್ಪಲ್ಲ, ಆದರೂ ಓದುಗರಿಗೆ ಅದು ದಾರಿ ತಪ್ಪಿಸುವ ವಾಕ್ಯ. ಶೇಕಡಾವಾರು ಬಿಟ್ಟು ತಲೆ ಎಣಿಕೆಯನ್ನೇ ಕೊಡುವುದು ಉತ್ತಮ: ‘ಮೊದಲ 90 ದಿನದಲ್ಲಿ ಬಿಟ್ಟವರು ಹಿಂದಿನ ಬ್ಯಾಚಿನಲ್ಲಿ 15ರಲ್ಲಿ 6, ಈ ಬ್ಯಾಚಿನಲ್ಲಿ 15ರಲ್ಲಿ 3. ಐವರ ಬಡ್ಡಿಯಾಗಿದ್ದೆ, ನಾಲ್ವರು ಉಳಿದರು. ರೋಸ್ಟರ್ ಗುರುವಾರ ಪ್ರಕಟಿಸುವ ಸಲಹೆ ನನ್ನದು, ಜಾರಿ ಟಿಎಲ್‌ರದು.’ ಕೊನೆಯ ಆ ಮಾತು ಆಕೆಯನ್ನು ಸಣ್ಣವಳನ್ನಾಗಿ ಮಾಡುವುದಿಲ್ಲ. ತನ್ನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಗೊತ್ತಿರುವವಳು ಎಂದು ಅದರಿಂದಲೇ ತಿಳಿಯುತ್ತದೆ.

ಬರೆಯುವ ಮುನ್ನ ಒಂದು ಎಚ್ಚರಿಕೆ. ಗ್ರಾಹಕ ಕಂಪನಿಯ ಹೆಸರು, ಡ್ಯಾಶ್‌ಬೋರ್ಡ್‌ನ ಫೋಟೊ, ರೆಕಾರ್ಡಿಂಗ್, ಸಹೋದ್ಯೋಗಿಗಳ ಹೆಸರು ಯಾವುದೂ ಪ್ರೊಫೈಲ್‌ಗೆ ಹೋಗಬಾರದು. ಸೇರುವಾಗ ಸಹಿ ಹಾಕಿದ ಗೌಪ್ಯತೆಯ ಕರಾರು ಇದಕ್ಕೆಲ್ಲ ಅನ್ವಯಿಸುತ್ತದೆ. ತಂಡದ ಅಂಕಿಗಳನ್ನು ಹೊರಗೆ ಹಾಕಬಹುದೇ ಎಂದು ಟಿಎಲ್‌ರನ್ನು ಮೊದಲೇ ಕೇಳಿಕೊಳ್ಳಬೇಕು. ಬೇಡವೆಂದರೆ ಸಾರ್ವಜನಿಕ ಪ್ರೊಫೈಲ್‌ನಲ್ಲಿ ಮಾಡಿದ ಕೆಲಸವನ್ನಷ್ಟೇ ಬರೆದು, ಏರಿತೋ ಇಳಿಯಿತೋ ಎಂಬುದನ್ನು ಸಂಖ್ಯೆಯಿಲ್ಲದೆ ಹೇಳಬಹುದು. ಐಜೆಪಿಯಲ್ಲಾದರೆ ಈ ತೊಂದರೆಯಿಲ್ಲ, ಅಂಕಿಗಳು ಅವರ ಬಳಿಯೇ ಇರುತ್ತವೆ.

ಹುದ್ದೆಯ ಹೆಸರನ್ನು ಮಾತ್ರ ಬದಲಿಸಬಾರದು. ಟಿಎಲ್ ರಜೆಯಲ್ಲಿದ್ದಾಗ ಹಡಲ್ ನಡೆಸಿದ್ದರೆ, ರೇಗಿದ ಗ್ರಾಹಕರ ಕಾಲ್ ತೆಗೆದುಕೊಂಡಿದ್ದರೆ ಹಾಗೆಯೇ ಬರೆಯಬೇಕು. ‘ಟೀಮ್ ಲೀಡ್’ ಎಂದು ಹಾಕಿಕೊಂಡರೆ ಹೊಸ ಕಂಪನಿ ಹಿನ್ನೆಲೆ ಪರಿಶೀಲಿಸಿದಾಗ ಹಳೆಯ ಎಚ್‌ಆರ್ ಬೇರೆಯದನ್ನೇ ಹೇಳುತ್ತದೆ, ಕೊಟ್ಟ ಆಫರ್ ಕೂಡ ವಾಪಸಾಗಬಹುದು. ನೇಮಕಾತಿಯವರು ಪದ ಹಾಕಿ ಹುಡುಕುವುದರಿಂದ ಆ ಎರಡು ಪದಗಳು ಎಲ್ಲಾದರೂ ಇರಬೇಕು ನಿಜ. ಲಿಂಕ್ಡ್‌ಇನ್‌ನ ಹೆಡ್‌ಲೈನ್‌ನಲ್ಲಿ 220 ಅಕ್ಷರಗಳಿಗೆ ಜಾಗವಿದೆ. ‘ಸೀನಿಯರ್ ಅಸೋಸಿಯೇಟ್, ಬ್ರಾಡ್‌ಬ್ಯಾಂಡ್ ಕನ್ನಡ–ಹಿಂದಿ ಸಪೋರ್ಟ್, ಹೊಸಬರಿಗೆ ಕೋಚಿಂಗ್, ಟೀಮ್ ಲೀಡ್ ಹುದ್ದೆಯ ನಿರೀಕ್ಷೆಯಲ್ಲಿ’ ಎಂದು ಸತ್ಯ ಹೇಳಿಯೇ ಅದನ್ನು ಸೇರಿಸಬಹುದು.

ಇಷ್ಟು ಬರೆದವಳಿಗೆ ಪ್ಯಾನೆಲ್‌ನಲ್ಲಿ ಬರುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಉಳಿದ ನಾಲ್ವರ ಬಗ್ಗೆ ಇರುವುದಿಲ್ಲ, ಬಿಟ್ಟುಹೋದ ಆ ಒಬ್ಬರ ಬಗ್ಗೆ ಇರುತ್ತದೆ. ಅವರು ಹೋಗುತ್ತಾರೆಂದು ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಉತ್ತರ ಆ ವಾರವೇ ಬರೆದಿಟ್ಟ ಟಿಪ್ಪಣಿಯಲ್ಲಿರಬೇಕು. ಯಾವ ದಿನ ಯಾರ ಜೊತೆ ಕೂತೆ, ಯಾವ ಕಾಲ್ ಕೇಳಿದೆವು, ಅವರು ಏನಂದರು, ಮುಂದಿನ ಸಲ ಏನು ಬದಲಾಗಿತ್ತು ಎಂಬಷ್ಟನ್ನು ಹೆಸರಿನ ಬದಲು ಗುರುತಿನ ಅಕ್ಷರ ಹಾಕಿ ಬರೆದಿಟ್ಟರೆ ಸಾಕು. ಟಿಎಲ್ ಆಗಬೇಕೆಂದು ಮನಸ್ಸಿಗೆ ಬಂದ ವಾರದಿಂದಲೇ ಅದು ಶುರುವಾಗಬೇಕು. ಐಜೆಪಿ ಮೇಲ್ ಬಂದ ಮೇಲೆ ಅರ್ಜಿಗೆ ಸಿಗುವುದು ಕೆಲವೇ ದಿನ, ಅಷ್ಟರಲ್ಲಿ ಆರು ತಿಂಗಳ ಹಿಂದಿನ ಕಾಲ್‌ಗಳು ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.