ತೆರೆದ ಟೆಟ್ರಾ ಪ್ಯಾಕ್ ಹಾಲು ಎಷ್ಟು ದಿನ ಉಳಿಯುತ್ತದೆ?

ಟೆಟ್ರಾ ಪ್ಯಾಕ್ ಹಾಲಿನ ಮೇಲೆ ಅಚ್ಚಾದ ದಿನಾಂಕ ಮುಚ್ಚಿದ ಪ್ಯಾಕ್‌ಗೆ ಮಾತ್ರ ಅನ್ವಯಿಸುತ್ತದೆ. ಮೂಲೆ ಕತ್ತರಿಸಿದ ಗಳಿಗೆಯಿಂದ ಆ ದಿನಾಂಕಕ್ಕೆ ಬೆಲೆಯಿಲ್ಲ. ಇನ್ನೂ ಮೂರು ತಿಂಗಳ ಅವಧಿ ಉಳಿದಿದ್ದರೂ ತೆರೆದ ಹಾಲಿಗೆ ಫ್ರಿಜ್‌ನಲ್ಲಿ ಸಿಗುವುದು ಎರಡು ಮೂರು ದಿನಗಳ ಆಯುಷ್ಯವಷ್ಟೇ.

ಈ ಹಾಲು ತಿಂಗಳುಗಟ್ಟಲೆ ಕೆಡದಿರುವುದಕ್ಕೆ ಯಾವ ಸಂರಕ್ಷಕವೂ ಕಾರಣವಲ್ಲ. ಹಾಲನ್ನು ಸುಮಾರು 135ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲವೇ ಸೆಕೆಂಡು ಕಾಯಿಸಿ, ತಕ್ಷಣ ತಣಿಸಿ, ಕ್ರಿಮಿಗಳಿಲ್ಲದ ಪ್ಯಾಕ್‌ಗೆ ಗಾಳಿ ಸೋಕದಂತೆ ತುಂಬುತ್ತಾರೆ. ಕಾಗದ, ಪ್ಲಾಸ್ಟಿಕ್ ಮತ್ತು ತೆಳುವಾದ ಅಲ್ಯುಮಿನಿಯಂ ಪದರಗಳು ಗಾಳಿ, ಬೆಳಕು ಎರಡನ್ನೂ ತಡೆಯುತ್ತವೆ. ಒಳಗೆ ಬೆಳೆಯುವ ಸೂಕ್ಷ್ಮಜೀವಿಗಳಿಲ್ಲ, ಹೊರಗಿನಿಂದ ಬರುವುದಕ್ಕೂ ದಾರಿಯಿಲ್ಲ. ಆದ್ದರಿಂದಲೇ ತೆರೆಯದ ಪ್ಯಾಕನ್ನು ಫ್ರಿಜ್‌ನಲ್ಲಿ ಇಡಬೇಕಾಗಿಲ್ಲ; ಬಿಸಿಲು ಬೀಳದ ತಂಪಾದ ಕಪಾಟು ಸಾಕು.

ಕತ್ತರಿ ಬಿದ್ದೊಡನೆ ಈ ರಕ್ಷಣೆ ಮುಗಿಯುತ್ತದೆ. ಗಾಳಿ, ಕತ್ತರಿಯ ಅಲಗು, ಬೆರಳು, ಇವುಗಳಲ್ಲಿ ಯಾವುದರಿಂದಲಾದರೂ ಬ್ಯಾಕ್ಟೀರಿಯಾ ಒಳಸೇರಬಹುದು. ಫ್ರಿಜ್‌ನ ಚಳಿಯಲ್ಲೂ ಬೆಳೆಯಬಲ್ಲ ಜಾತಿಗಳು ಅವುಗಳಲ್ಲಿವೆ. ಇಲ್ಲಿ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ಹಸಿ ಹಾಲಿನಲ್ಲಿ ಮೊಸರಿನ ಬಳಗದ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುವುದರಿಂದ ಅದು ಕೆಡುವಾಗ ಹುಳಿಯಾಗುತ್ತದೆ, ಮೂಗಿಗೆ ಗೊತ್ತಾಗುತ್ತದೆ. ಟೆಟ್ರಾ ಪ್ಯಾಕ್ ಹಾಲಿನಲ್ಲಿ ಆ ಬಳಗ ಉಳಿದಿರುವುದಿಲ್ಲ. ಹೊಸದಾಗಿ ಸೇರಿದ ಜಾತಿಗಳು ಪ್ರೋಟೀನನ್ನೂ ಕೊಬ್ಬನ್ನೂ ಒಡೆಯುವಂಥವಾದರೆ ಹಾಲು ಹುಳಿಯಾಗದೆಯೇ ಕಹಿಯಾಗುತ್ತದೆ ಅಥವಾ ಮುಗ್ಗಲು ವಾಸನೆ ಹಿಡಿಯುತ್ತದೆ. ಹುಳಿ ವಾಸನೆ ಇಲ್ಲವೆಂಬ ಕಾರಣಕ್ಕೆ ಹಾಲು ಚೆನ್ನಾಗಿದೆ ಎಂದುಕೊಳ್ಳುವುದು ತಪ್ಪು ಲೆಕ್ಕ.

ಒಂದು ಲೀಟರ್ ಪ್ಯಾಕನ್ನು ಭಾನುವಾರ ಬೆಳಿಗ್ಗೆ ಕಾಫಿಗೆಂದು ತೆರೆಯಲಾಯಿತು ಎಂದುಕೊಳ್ಳೋಣ. ತೊಳೆದ ಕತ್ತರಿಯಿಂದ ಮೂಲೆ ಕತ್ತರಿಸಿ, ಬೇಕಾದಷ್ಟು ಬಗ್ಗಿಸಿಕೊಂಡು, ಬಾಯಿಯನ್ನು ಮಡಚಿ ಕ್ಲಿಪ್ ಹಾಕಿ ಕೂಡಲೇ ಫ್ರಿಜ್‌ಗೆ ಸೇರಿಸಿದರೆ ಮಂಗಳವಾರ ರಾತ್ರಿಯವರೆಗೆ ಬಳಸಬಹುದು. ಪ್ಯಾಕ್ ಮೇಲೆ ಕಂಪನಿ ಇದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಫ್ರಿಜ್ 4-5 ಡಿಗ್ರಿಯಲ್ಲಿರಬೇಕು, ಪ್ಯಾಕ್ ಒಳಗಿನ ತಟ್ಟೆಯ ಮೇಲಿರಬೇಕು. ಬಾಗಿಲ ಗೂಡು ತೆರೆದಾಗಲೆಲ್ಲ ಬಿಸಿಗಾಳಿಗೆ ಒಡ್ಡಿಕೊಳ್ಳುವುದರಿಂದ ಹಾಲಿಗೆ ತಕ್ಕ ಜಾಗವಲ್ಲ. ಲೋಟದಲ್ಲಿ ಮಿಕ್ಕ ಹಾಲನ್ನು ಮರಳಿ ಪ್ಯಾಕ್‌ಗೆ ಸುರಿಯಬಾರದು. ತೆರೆದ ದಿನವನ್ನು ಪೆನ್ನಿನಿಂದ ಪ್ಯಾಕ್ ಮೇಲೆಯೇ ಬರೆದಿಟ್ಟರೆ ನೆನಪಿಗೆ ಹೊರೆಯಿಲ್ಲ.

ಅದೇ ಪ್ಯಾಕ್ ತೆರೆದ ಮೇಲೆ ಅಡುಗೆಕಟ್ಟೆಯ ಮೇಲೆ ಮರೆತುಹೋಗಿ ಎರಡು ಗಂಟೆಗೂ ಹೆಚ್ಚು ಕಾಲ ಹೊರಗಿದ್ದರೆ ಮೂರು ದಿನದ ಲೆಕ್ಕ ಬಿಡಬೇಕು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಒಂದು ಗಂಟೆಯೇ ಹೆಚ್ಚು. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ, ಆದರೆ ಕೆಲವು ಜಾತಿಗಳು ಅಷ್ಟರಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ತೆರೆಯದೆಯೇ ದಿನಾಂಕ ಮೀರಿದ ಪ್ಯಾಕ್‌ನ ಕಥೆ ಬೇರೆ. ಅಲ್ಲಿ ಹಾಲು ಸಾಮಾನ್ಯವಾಗಿ ಬ್ಯಾಕ್ಟೀರಿಯಾದಿಂದಲ್ಲ, ಕಿಣ್ವಗಳಿಂದ ಹಾಳಾಗುತ್ತದೆ. ಕಾಯಿಸುವ ಮೊದಲೇ ಹಸಿ ಹಾಲಿನಲ್ಲಿ ಬೆಳೆದಿದ್ದ ಬ್ಯಾಕ್ಟೀರಿಯಾ ಸತ್ತರೂ ಅವು ಬಿಟ್ಟ ಕೆಲವು ಕಿಣ್ವಗಳು ಆ ಶಾಖವನ್ನೂ ತಾಳಿಕೊಳ್ಳುತ್ತವೆ. ತಿಂಗಳುಗಟ್ಟಲೆ ಅವು ನಿಧಾನವಾಗಿ ಪ್ರೋಟೀನನ್ನು ಕತ್ತರಿಸುತ್ತಿದ್ದರೆ ಹಾಲು ಕಹಿಯಾಗಿ, ಕೊನೆಗೆ ಗಂಜಿಯಂತೆ ಮಂದವಾಗುತ್ತದೆ. ಸೆಕೆಯ ಜಾಗದಲ್ಲಿಟ್ಟ ಹಾಲಿನ ಬಣ್ಣವೂ ಕಂದು ಕಡೆಗೆ ತಿರುಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಈ ಬದಲಾವಣೆಗಳು ನಿಧಾನವಾಗುತ್ತವೆ, ಆದರೆ ಅದರಿಂದ ಅಚ್ಚಾದ ದಿನಾಂಕ ಮುಂದೆ ಹೋಗುವುದಿಲ್ಲ.

ದಿನಾಂಕದ ಮಾತನ್ನೂ ಸರಿಯಾಗಿ ಓದಬೇಕು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದು ಆ ದಿನ ಕಳೆದಿದ್ದರೆ ಪ್ಯಾಕನ್ನು ಎಸೆಯುವುದೇ ಸರಿ. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಗುಣಮಟ್ಟದ ಗಡಿ. ಅದು ಕೆಲವೇ ದಿನ ಮೀರಿದ್ದು, ತಂಪಾದ ಜಾಗದಲ್ಲಿದ್ದ ಪ್ಯಾಕ್ ಉಬ್ಬದೆ, ಸೋರದೆ, ಮೂಲೆ ಜಜ್ಜದೆ ಇದ್ದರೆ ಗಾಜಿನ ಲೋಟಕ್ಕೆ ಸುರಿದು ನೋಡಬಹುದು. ಗಂಟು, ಲೋಳೆ, ಬೇರ್ಪಟ್ಟ ನೀರು, ಕೆಟ್ಟ ವಾಸನೆ, ಬಣ್ಣದ ಬದಲಾವಣೆ ಯಾವುದು ಕಂಡರೂ ಚೆಲ್ಲಬೇಕು. ಏನೂ ಕಾಣದಿದ್ದರೆ ಸ್ವಲ್ಪ ಹಾಲನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿದಾಗ ಒಡೆಯುತ್ತದೆಯೇ ನೋಡಬೇಕು. ಒಡೆದರೆ ಹಾಲು ಕೆಟ್ಟಿದೆ. ಅದನ್ನು ಪನೀರಿಗೂ ಬಳಸಬಾರದು. ಒಡೆಯದಿದ್ದರೂ ಎಳೆ ಮಕ್ಕಳಿಗೆ, ಗರ್ಭಿಣಿಯರಿಗೆ, ಕಾಯಿಲೆಯವರಿಗೆ ದಿನಾಂಕ ಮೀರಿದ ಹಾಲು ಬೇಡ.

ಉಬ್ಬಿದ ಪ್ಯಾಕ್‌ಗೆ ಮಾತ್ರ ಯಾವ ಪರೀಕ್ಷೆಯೂ ಬೇಕಿಲ್ಲ. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಅನಿಲ ಬಿಟ್ಟಿವೆ ಎಂಬುದಕ್ಕೆ ಆ ಉಬ್ಬೇ ಗುರುತು. ದಿನಾಂಕ ಎಷ್ಟೇ ದೂರವಿದ್ದರೂ ಅದನ್ನು ರುಚಿ ನೋಡದೆ ಎಸೆಯಬೇಕು.